ಮಾರ್ಚ್ 31ಕ್ಕೆ ದಾರಿಯಲ್ಲಿದ್ದ ಮಾಲು ಯಾರ ಲೆಕ್ಕಕ್ಕೆ?

ನಮ್ದು ಪಿವಿಸಿ ಪೈಪಿನ ಕಂಪನಿ, ಹೆಡ್ ಆಫೀಸು ಕಲಬುರಗಿ. ಬೀದರ್, ಹುಮನಾಬಾದ್, ಯಾದಗಿರಿ, ಶಹಾಪುರ ಎಲ್ಲಾ ಕಡೆ ಡಿಪೋ ಅದಾವು, ಒಂದೊಂದಕ್ಕೂ ಬೇರೆ ಬುಕ್ಸ್. ಅಕೌಂಟ್ಸ್ ನಾನೇ ನೋಡೋದು.

ಹೋದ ಕ್ಲೋಸಿಂಗ್‌ನಾಗ ನಮ್ಮ ಬುಕ್ಕಲ್ಲಿ ಬೀದರ್ ಬ್ರಾಂಚ್ 12,60,000 ಡೆಬಿಟ್, ಬೀದರ್ ಬುಕ್ಕಲ್ಲಿ ಹೆಡ್ ಆಫೀಸ್ 10,00,000 ಕ್ರೆಡಿಟ್. ಅಂತರ 2,60,000. ಇದನ್ನ ಸಸ್ಪೆನ್ಸ್‌ಗೆ ತಳ್ಳೋರು ಬಹಳ ಮಂದಿ ಇದ್ದಾರೆ, ನಾನು ಹಂಗ ಮಾಡಲ್ಲ, ಚಲನ್ ಹಿಡಕೊಂಡು ಕೂಡ್ತೀನಿ. 30ನೇ ತಾರೀಖು 500 ರೂಪಾಯಿ ಕಾಸ್ಟಿನ 400 ಪೈಪ್ ಕಳಿಸಿದ್ವಿ, ಅಂದ್ರೆ 2 ಲಕ್ಷ. ಡಿಪೋಗೆ ಫೋನ್ ಹಚ್ಚಿದ್ರೆ "ಸರ್, ಗಾಡಿ ಇನ್ನಾ ಬಂದಿಲ್ರೀ, ಹುಮನಾಬಾದ್ ಹತ್ರ ಕೆಟ್ಟು ನಿಂತದಂತ" ಅಂದ್ರು. ಉಳಿದ 60,000 ಅವರು 31ಕ್ಕೆ ಹಾಕಿದ್ದ ಚೆಕ್ಕು, ಅವರು ಬರ್ಕೊಂಡಾರ, ನಮಗಿನ್ನೂ ಬಂದಿಲ್ಲ.

ಈಗ ಆ 2 ಲಕ್ಷದ ಮಾಲು ನಮ್ಮ ಗೋಡೌನ್ ಎಣಿಕೆಯಲ್ಲೂ ಇಲ್ಲ, ಬೀದರ್ ಎಣಿಕೆಯಲ್ಲೂ ಇಲ್ಲ, ಆದ್ರ ಕಂಪನಿದು ಅಂತೂ ಹೌದು. ಅದಕ್ಕ ನಮ್ಮ ಬುಕ್ಕಲ್ಲಿ 31ಕ್ಕೆ ಗೂಡ್ಸ್ ಇನ್ ಟ್ರಾನ್ಸಿಟ್ 2,00,000 ಡೆಬಿಟ್, ಕ್ಯಾಶ್ ಇನ್ ಟ್ರಾನ್ಸಿಟ್ 60,000 ಡೆಬಿಟ್, ಬೀದರ್ ಬ್ರಾಂಚ್ 2,60,000 ಕ್ರೆಡಿಟ್. ಎರಡೂ ಕಡೆ 10 ಲಕ್ಷಕ್ಕೆ ಕೂತ್ಕೊಳ್ತು. ಈ ಎಂಟ್ರಿ ಒಂದೇ ಬುಕ್ಕಲ್ಲಿ ಆಗ್ಬೇಕು, ಬೀದರ್‌ನವರೂ ಹಾಕಿದ್ರೆ ಸ್ಟಾಕ್ ಡಬಲ್ ಆಗ್ತದ. ಏಪ್ರಿಲ್ 1ಕ್ಕೆ ರಿವರ್ಸ್ ಮಾಡ್ಬಿಟ್ಟೆ, ಆಮೇಲೆ ಮಾಲು ಮುಟ್ಟಿದಾಗ ಬೀದರ್‌ನವರು ಮಾಮೂಲಿನಂಗ ರಿಸೀಟ್ ಹಾಕ್ಕೊಂಡ್ರೆ ಸಾಕು.

ಗಾಡಿ 2ನೇ ತಾರೀಖು ಮುಟ್ಟಿತು, ಇಳಿಸಿದಾಗ 8 ಪೈಪ್ ಒಡೆದಿದ್ವು. ಇಲ್ಲೇ ಡಿಪೋದವರು ಎಡವೋದು, 392 ಬಂತು ಅಂತ ಹೆಡ್ ಆಫೀಸ್‌ಗೆ 1,96,000 ಅಷ್ಟೇ ಕ್ರೆಡಿಟ್ ಕೊಟ್ಬಿಡ್ತಾರ, ಆ 4,000 ವರ್ಷಾನುಗಟ್ಟಲೆ ಅಂತರ ಆಗಿ ಉಳೀತದ. ನಾನು ಹೇಳಿ ಮಾಡಿಸಿದ್ದು: ಹೆಡ್ ಆಫೀಸ್‌ಗೆ ಪೂರಾ 2,00,000 ಕ್ರೆಡಿಟ್, ಸ್ಟಾಕ್‌ಗೆ 1,96,000, ಟ್ರಾನ್ಸ್‌ಪೋರ್ಟ್ ಕ್ಲೇಮ್‌ಗೆ 4,000 ಡೆಬಿಟ್. ಲಾರಿ ರಸೀದಿ, ಅಂದ್ರೆ ಎಲ್‌ಆರ್ ಮೇಲೆ "8 ನಗ ಒಡೆದಾವ" ಅಂತ ಬರೆಸಿ ಡ್ರೈವರ್ ಸಹಿ ತಗೊಳ್ಳಿಕ್ಕೇ ಬೇಕು, ಇಲ್ಲಂದ್ರೆ ಟ್ರಾನ್ಸ್‌ಪೋರ್ಟಿನವ ಕೈಗೆ ಸಿಗಲ್ಲ, ಆಗ ಅದು ನಷ್ಟಕ್ಕೇ ಹೋಗ್ತದ.

ಟ್ರಾನ್ಸಿಟ್ ಪಟ್ಟಿ ನಾನು ವಾರಕ್ಕೊಮ್ಮೆ ಚಲನ್ ತಾರೀಖಿನ ಪ್ರಕಾರ ನೋಡ್ತೀನಿ. ಬೀದರ್ ಅಂದ್ರೆ ಮೂರ್ನಾಲ್ಕು ತಾಸಿನ ದಾರಿ, ಅಲ್ಲಿಗೆ ಕಳಿಸಿದ ಚಲನ್ ವಾರ ಆದ್ರೂ ಪಟ್ಟಿಯಲ್ಲೇ ಇದ್ರೆ ಮಾಲು ದಾರಿಯಲ್ಲಿಲ್ಲ, ಒಂದೋ ರಿಸೀಟ್ ಹಾಕಿಲ್ಲ, ಇಲ್ಲಾ ಗಾಡಿ ಬೇರೆ ಡಿಪೋಗೆ ಹೋಗ್ಯದ. ಯಾದಗಿರಿಯಿಂದ ಸೀದಾ ಬೀದರ್‌ಗೆ ಕಳಿಸಿದಾಗ ಇದು ಜಾಸ್ತಿ, ಯಾಕಂದ್ರೆ ನಮಗೆ ಗೊತ್ತೇ ಆಗಲ್ಲ. ಅದಕ್ಕೆ ಡಿಪೋ ಡಿಪೋ ನಡುವೆ ಖಾತೆ ತೆಗೆಯೋದನ್ನೇ ನಿಲ್ಲಿಸಿ, ಇಬ್ಬರೂ ಹೆಡ್ ಆಫೀಸ್ ಖಾತೆಗೇ ಬರೀಬೇಕು, ಚಲನ್ ಕಾಪಿ ಅವತ್ತೇ ನಮಗೆ ಬರ್ಬೇಕು, ನಮ್ಮ ಬುಕ್ಕಲ್ಲಿ ಬೀದರ್ ಡೆಬಿಟ್ ಯಾದಗಿರಿ ಕ್ರೆಡಿಟ್ ನಾವೇ ಹಾಕ್ಕೋತೀವಿ ಅಂತ ಮಾಡಿದ್ವಿ.