ಕಬಿನಿ ಗೇಟು ಎಷ್ಟು ಗಂಟೆಗೆ ತೆರೆಯಬೇಕು? ನಾನು ಲೆಕ್ಕ ಹಾಕುವ ರೀತಿ

ಬೆಂಗಳೂರಲ್ಲಿ ಕೂತು ಕಬಿನಿಯ ಒಳಹರಿವು ಅಂದಾಜು ಮಾಡೋದು ನನ್ನ ಕೆಲಸ. ಇಲ್ಲಿ ಬಿಸಿಲಿರುವಾಗ ವಯನಾಡಲ್ಲಿ ಸುರಿಯುತ್ತಿರುತ್ತೆ. ಹಾಗಾಗಿ ಜುಲೈ, ಆಗಸ್ಟಲ್ಲಿ ಬೆಳಿಗ್ಗೆ ಎದ್ದ ಕೂಡಲೇ ನೋಡೋದು ಮುತ್ತಂಕೆರದ ನದಿಮಟ್ಟ. ಅದು ಕೇರಳದಲ್ಲಿ, ಕಬಿನಿ ನಮ್ಮ ಗಡಿ ಸೇರುವ ಮುಂಚೆ ಇರುವ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ.

ಡ್ಯಾಮಲ್ಲೇ ಮಟ್ಟ ಅಳೆಯುತ್ತಾರಲ್ಲ, ಅದು ಸಾಲದಾ ಅಂತ ತುಂಬಾ ಜನ ಕೇಳುತ್ತಾರೆ. ಸಾಲದು. ಒಳಹರಿವನ್ನು ಯಾರೂ ನೇರವಾಗಿ ಅಳೆಯೋದಿಲ್ಲ. ನೀರು ಎಷ್ಟು ಏರಿತು ಅಂತ ನೋಡಿ, ಹೊರಗೆ ಬಿಟ್ಟದ್ದನ್ನು ಕೂಡಿಸುತ್ತಾರೆ, ಅಷ್ಟೆ. ಜಲಾಶಯದ ಹರವು 60 ಚದರ ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಗಾಳಿಯ ಅಲೆಗೆ ಮಟ್ಟ 1 ಸೆಂಟಿಮೀಟರ್ ಜಾಸ್ತಿ ಕಂಡರೂ ಅದು 6 ಲಕ್ಷ ಘನ ಮೀಟರ್ ನೀರು. ಒಂದು ಗಂಟೆಯ ಲೆಕ್ಕದಲ್ಲಿ ಸುಮಾರು 5,900 ಕ್ಯೂಸೆಕ್ಸ್ ಸುಳ್ಳು ಒಳಹರಿವು! ಮೂರು ಗಂಟೆಯ ಸರಾಸರಿ ತೆಗೆದುಕೊಂಡರೆ ಈ ತಪ್ಪು 2,000ಕ್ಕಿಂತ ಕೆಳಗೆ ಇಳಿಯುತ್ತೆ, ಆದರೆ ಅಷ್ಟರಲ್ಲಿ ಮೂರು ಗಂಟೆ ಹೋಗಿರುತ್ತೆ. ಆ ಹೊತ್ತನ್ನು ವಾಪಸ್ ಕೊಡೋದು ಮೇಲಿನ ಮಾಪನ ಕೇಂದ್ರ.

ಅದಕ್ಕೂ ಮುಂಚೆ ಸುಳಿವು ಕೊಡೋದು ವೈತಿರಿ, ಲಕ್ಕಿಡಿ ಕಡೆಯ ಮಳೆ. ಆದರೆ ಮಳೆಯ ಅಂಕಿಯನ್ನು ಮಾತ್ರ ನಂಬಬೇಡಿ. ಜೂನ್ ಮೊದಲ ವಾರದ 100 ಮಿಲಿಮೀಟರಲ್ಲಿ ಬಹುಪಾಲನ್ನು ಒಣಗಿದ ನೆಲ ಕುಡಿದುಬಿಡುತ್ತೆ, ಜುಲೈ ಕೊನೆಯಲ್ಲಿ ಅದೇ ಮಳೆ ಹೆಚ್ಚುಕಡಿಮೆ ಪೂರ್ತಿ ಹೊಳೆಗೆ ಇಳಿಯುತ್ತೆ. ಇನ್ನೊಂದು, ಮಳೆ ನಿಂತು ಹೊತ್ತಾದರೂ ಮುತ್ತಂಕೆರ ಏರುತ್ತಲೇ ಇದ್ದರೆ ವಯನಾಡಿನ ಬಾಣಾಸುರ ಸಾಗರ ಅಣೆಕಟ್ಟಿನ ಗೇಟು ತೆರೆದಿರಬಹುದು. ಆಗ ಫೋನ್ ಮಾಡಿ ಕೇಳಲೇಬೇಕು. ಜೋರು ಮಳೆಯಲ್ಲೂ ಗಂಟೆಗಟ್ಟಲೆ ಒಂದೇ ಅಂಕಿ ಬರುತ್ತಿದ್ದರೆ ಉಪಕರಣ ಕೈಕೊಟ್ಟಿದೆ ಅಂತಲೇ ತಿಳಿಯಿರಿ, ಮಳೆಗಾಲದ ಹೊಳೆ ಹಾಗೆ ಒಂದೇ ಕಡೆ ನಿಲ್ಲೋದಿಲ್ಲ.

ಈಗ ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗೆ ಹಾಕಿಕೊಂಡವು, ಕ್ರಮ ಮಾತ್ರ ನಾನು ದಿನಾ ಮಾಡುವುದೇ. ಬೆಳಿಗ್ಗೆ 6 ಗಂಟೆ. ಭರ್ತಿ ಮಟ್ಟ 2,284 ಅಡಿ, ಅಲ್ಲಿಗೆ ಇನ್ನು 1.5 ಟಿಎಂಸಿ ಜಾಗ ಇದೆ. ಒಳಹರಿವು 35,000 ಕ್ಯೂಸೆಕ್ಸ್, ಹೊರಹರಿವು 12,000. ಸುಮಾರು 11,574 ಕ್ಯೂಸೆಕ್ಸ್ ಒಂದು ದಿನ ಹರಿದರೆ 1 ಟಿಎಂಸಿ. ಅಂದರೆ ಉಳಿಯುವ 23,000ಕ್ಕೆ ದಿನಕ್ಕೆ ಸುಮಾರು 2 ಟಿಎಂಸಿ, ಜಲಾಶಯ ತುಂಬೋದು ನಡುರಾತ್ರಿ ಹೊತ್ತಿಗೆ. ಆದರೆ ಮುತ್ತಂಕೆರ ನೋಡಿದರೆ ಒಳಹರಿವು ಮಧ್ಯಾಹ್ನ 12ರ ತನಕ ಹೀಗೇ ಇದ್ದು, ಆಮೇಲೆ 50,000 ಆಗುವ ಹಾಗಿದೆ. ಹಾಗಾದರೆ ಸಂಜೆ 7.20ಕ್ಕೇ ಭರ್ತಿ. ಆಗ ಬಂದಷ್ಟನ್ನೂ ಒಟ್ಟಿಗೆ ಬಿಡಬೇಕಾಗುತ್ತೆ. ನಂಜನಗೂಡಿಗೆ ನೀರು ತಲುಪಲು 6 ಗಂಟೆ ಅಂತ ಇಟ್ಟುಕೊಂಡರೆ 50,000 ಕ್ಯೂಸೆಕ್ಸ್ ಅಲ್ಲಿ ಬರೋದು ರಾತ್ರಿ 1.20ಕ್ಕೆ, ಎಲ್ಲರೂ ಮಲಗಿರುವಾಗ.

ಅದಕ್ಕೆ ನಾನು ಹೇಳೋದು, 10 ಗಂಟೆಗೆ 20,000, 12ಕ್ಕೆ 30,000, 2ಕ್ಕೆ 40,000 ಬಿಡಿ ಅಂತ. ಹಾಗೆ ಮಾಡಿದರೆ 2 ಗಂಟೆಗೆ ಇನ್ನೂ ಸುಮಾರು 0.9 ಟಿಎಂಸಿ ಜಾಗ ಉಳಿದಿರುತ್ತೆ. ಆಮೇಲೆ ಬರೀ 10,000 ಕ್ಯೂಸೆಕ್ಸ್ ಹಾಗೆ ತುಂಬುತ್ತಾ ಹೋದರೆ ಮಾರನೇ ದಿನ ಮಧ್ಯಾಹ್ನ 3.30ರ ತನಕ ಸಮಯ ಸಿಗುತ್ತೆ, ಒಳಹರಿವು ಮತ್ತೆ ಏರದಿದ್ದರೆ ರಾತ್ರಿ ಗೇಟು ಮುಟ್ಟಬೇಕಾಗಿಲ್ಲ. ಮೊದಲ ಏರಿಕೆ ನಂಜನಗೂಡಿಗೆ ಬೆಳಕಿರುವಾಗಲೇ, 4ಕ್ಕೆ ತಲುಪುತ್ತೆ.

"ಸಾರ್, ಮಳೆ ನಿಂತುಬಿಟ್ಟರೆ? ನೀರು ಸುಮ್ನೆ ಹೋಯ್ತು ಅಂತ ರೈತರು ನಮ್ಮನ್ನೇ ಕೇಳುತ್ತಾರೆ" ಅಂದರು ಅಣೆಕಟ್ಟಿನ ಎಂಜಿನಿಯರ್ ಒಬ್ಬರು. ನ್ಯಾಯವಾದ ಪ್ರಶ್ನೆ. 2 ಗಂಟೆಯ ಹೊತ್ತಿಗೆ ನಾವು ಹೆಚ್ಚುವರಿಯಾಗಿ ಬಿಟ್ಟಿರೋದು 0.2 ಟಿಎಂಸಿಗಿಂತ ಕಡಿಮೆ. ಮುತ್ತಂಕೆರ ಇಳಿಯತೊಡಗಿದರೆ ಅಲ್ಲೇ ನಿಲ್ಲಿಸಬಹುದು. 19.52 ಟಿಎಂಸಿಯ ಜಲಾಶಯಕ್ಕೆ ಅದು ದೊಡ್ಡದಲ್ಲ, ಅದೂ ಜುಲೈಯಲ್ಲಿ.

ಇನ್ನು ಎಚ್ಚರಿಕೆ. ಅದು ಹೋಗಬೇಕಾದ್ದು ಗೇಟು ಎತ್ತಿದ ಮೇಲಲ್ಲ, ಈ ನಿರ್ಧಾರ ಆದ ಕೂಡಲೇ, ಅಂದರೆ 8 ಗಂಟೆ ಒಳಗೆ. ಡ್ಯಾಮಿಗೆ ಹತ್ತಿರದ ಊರುಗಳಿಗೆ 10 ಗಂಟೆಯಾದ ಸ್ವಲ್ಪ ಹೊತ್ತಿಗೇ ನೀರು ಬಂದುಬಿಡುತ್ತಲ್ವಾ? ಸಂದೇಶದಲ್ಲಿ "40,000 ಕ್ಯೂಸೆಕ್ಸ್" ಅಂತ ಮಾತ್ರ ಬರೆದರೆ ನಂಜನಗೂಡಿನ ಸ್ನಾನಘಟ್ಟದ ಹತ್ತಿರ ಅಂಗಡಿ ಇಟ್ಟವರಿಗೆ ಏನೂ ಗೊತ್ತಾಗೋದಿಲ್ಲ. "ಸಂಜೆ 4ರಿಂದ ಹೊಳೆ ಏರುತ್ತೆ, ರಾತ್ರಿ 8ರ ತನಕ ಏರುತ್ತಲೇ ಇರುತ್ತೆ, 3ರೊಳಗೆ ಸಾಮಾನು ಮೇಲಕ್ಕೆ ಸಾಗಿಸಿ" ಅಂತ ಬರೆಯಬೇಕು. ಕಳಿಸುವ ಮುಂಚೆ ನುಗು ಜಲಾಶಯದಿಂದ ಎಷ್ಟು ಬಿಡುತ್ತಿದ್ದಾರೆ ಅಂತಲೂ ಕೇಳಿ ಕೂಡಿಸಿಕೊಳ್ಳುತ್ತೇನೆ, ಆ ನೀರು ಕಬಿನಿ ಡ್ಯಾಮಿನ ಕೆಳಗೆ, ನಂಜನಗೂಡಿಗೆ ಮುಂಚೆ ಬಂದು ಸೇರುತ್ತೆ.