ಹೊಸ ಕಾರ್ಡಿನಲ್ಲೂ ಜಗ್ಗುತ್ತಿದ್ದ ಜಿಟಿಎ 4: ಡಿಎಕ್ಸ್‌ವಿಕೆ ಹಾಕಿದ ನನ್ನ ಅನುಭವ

ಹಳೆಯ ಆಟವೊಂದು ಹೊಸ ಗ್ರಾಫಿಕ್ಸ್ ಕಾರ್ಡಿನಲ್ಲಿ ತಡವರಿಸುತ್ತಿದ್ದರೆ ಮೊದಲು ನೋಡಬೇಕಾದದ್ದು ಕಾರ್ಡು ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು. ಜಿಟಿಎ 4 ಪಿಸಿಗೆ ಬಂದದ್ದು 2008ರ ಡಿಸೆಂಬರಿನಲ್ಲಿ. ನಮ್ಮ ಡೊಂಬಿವಲಿ ಮನೆಯ ಪಿಸಿಗೆ ಮುಂಬೈನ ಲ್ಯಾಮಿಂಗ್ಟನ್ ರೋಡಿನಿಂದ ತಂದ 8 ಜಿಬಿಯ ಕಾರ್ಡು ಅದಕ್ಕಿಂತ ಎಷ್ಟೋ ವರ್ಷ ಈಚಿನದು. ಆದರೂ ಊರ ನಡುವಿನ ಚೌಕದಲ್ಲಿ ಕಾರು ಓಡಿಸಿದರೆ ಫ್ರೇಮುಗಳು ಸೆಕೆಂಡಿಗೆ 60ರಿಂದ 35ರ ಆಸುಪಾಸಿಗೆ ಇಳಿಯುತ್ತಿದ್ದವು. ಕಾಲೇಜಿಗೆಂದು ಹುಬ್ಬಳ್ಳಿಯಿಂದ ಬಂದು ನಮ್ಮಲ್ಲೇ ಇರುವ ಅಕ್ಕನ ಮಗ ಕೇಳಿದ: "ಮಾಮಾ, ಕಾರ್ಡ್ ಹೊಸಾದು ಹಾಕೀವಲ್ಲ, ಮತ್ತ ಯಾಕ ಹಿಂಗ ಜಗ್ತೈತಿ?"

ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆವು. ಆಟ ತಡವರಿಸುವ ಹೊತ್ತಿನಲ್ಲೇ ಕಾರ್ಡಿನ ಬಳಕೆ ಮೂರನೇ ಒಂದು ಪಾಲಿನಷ್ಟೂ ಇರಲಿಲ್ಲ. ಇನ್ನೂ ಖಾತ್ರಿಯಾಗಲೆಂದು ಆಟದ ರೆಸಲ್ಯೂಷನ್ 1920×1080ರಿಂದ 1280×720ಕ್ಕೆ ಇಳಿಸಿ, ಅದೇ ಚೌಕಕ್ಕೆ ಅದೇ ಹಾದಿಯಲ್ಲಿ ಹೋದೆವು. ಫ್ರೇಮ್ ಸಂಖ್ಯೆ ಅಲ್ಲಾಡಲಿಲ್ಲ. ಕಾರ್ಡು ತಿಣುಕುತ್ತಿದ್ದರೆ ಚುಕ್ಕಿಗಳು ಅರ್ಧಕ್ಕಿಂತ ಕಡಿಮೆಯಾದಾಗ ಫ್ರೇಮು ಏರಲೇಬೇಕಿತ್ತು. ಏರಲಿಲ್ಲ ಎಂದರೆ ತಡ ಆಗುತ್ತಿರುವುದು ಕಾರ್ಡಿಗೆ ಕೆಲಸ ತಲುಪುವ ಮೊದಲೇ, ಪ್ರೊಸೆಸರ್ ಮತ್ತು ಡ್ರೈವರ್ ಇರುವ ಕಡೆ. ಇಂಥ ತಡಕ್ಕೆ ನಾವು ಹಾಕಿದ ಮದ್ದು ಡಿಎಕ್ಸ್‌ವಿಕೆ ಎಂಬ ತಂತ್ರಾಂಶ. ಈ ಪರೀಕ್ಷೆ ಮಾಡದೆ ಅದನ್ನು ಹಾಕಬೇಡಿ ಎಂದೇ ನಾನು ಎಲ್ಲರಿಗೂ ಹೇಳುವುದು. ರೆಸಲ್ಯೂಷನ್ ಇಳಿಸಿದಾಗ ಫ್ರೇಮು ಏರಿದರೆ ಅಲ್ಲಿ ಇದರಿಂದ ಸಿಗುವ ಲಾಭ ಬಹಳ ಕಡಿಮೆ.

ಒಳಗೆ ನಡೆಯುವುದು ಇಷ್ಟು. ವಿಂಡೋಸ್ ಆಟಗಳು ಕಾರ್ಡಿಗೆ ಆಜ್ಞೆ ಕೊಡುವ ಭಾಷೆ ಎನ್ನಬಹುದಾದದ್ದು ಡೈರೆಕ್ಟ್‌ಎಕ್ಸ್. ಜಿಟಿಎ 4 ಅದರ 9ನೇ ಆವೃತ್ತಿಯ ಆಟ. ಪ್ರತಿ ಫ್ರೇಮಿನಲ್ಲೂ "ಈ ಗೋಡೆ ಬಿಡಿಸು, ಈ ಕಾರು ಬಿಡಿಸು" ಎಂದು ಸಾವಿರಾರು ಆಜ್ಞೆ ಕೊಡುತ್ತದೆ. ಡೈರೆಕ್ಟ್‌ಎಕ್ಸ್ 9ರಲ್ಲಿ ಇಂಥ ಒಂದೊಂದು ಆಜ್ಞೆಗೂ ಪ್ರೊಸೆಸರ್ ಮೇಲೆ ಬೀಳುವ ಭಾರ ಹೆಚ್ಚು. ಆಟವೂ ಹೆಚ್ಚಿನ ಕೆಲಸವನ್ನು ಒಂದೇ ಥ್ರೆಡ್ಡಿನ ಮೇಲೆ ಹೇರುತ್ತದೆ. ಆ ಥ್ರೆಡ್ ಓಡುವ ಒಂದು ಕೋರ್ ತುಂಬಿ ತುಳುಕುತ್ತಿರುವಾಗ ಉಳಿದ ಕೋರ್‌ಗಳೂ ಕಾರ್ಡೂ ಕಾಯುತ್ತ ಕೂರುತ್ತವೆ. ಡಿಎಕ್ಸ್‌ವಿಕೆ ಆಟಕ್ಕೂ ಡ್ರೈವರಿಗೂ ನಡುವೆ ನಿಲ್ಲುವ ಪದರ. ಡೈರೆಕ್ಟ್‌ಎಕ್ಸ್ ಆಜ್ಞೆಗಳನ್ನು ತೆಗೆದುಕೊಂಡು, ಅಂಥದ್ದೇ ಇನ್ನೊಂದು ಭಾಷೆಯಾದ ವಲ್ಕನ್‌ನ ಆಜ್ಞೆಗಳಾಗಿ ಬದಲಿಸುತ್ತದೆ. ಆಟ ಕೊಟ್ಟ ಆಜ್ಞೆಯನ್ನು ಅಲ್ಲೇ ನಿಂತು ಪೂರೈಸದೆ ಗುರುತು ಹಾಕಿಕೊಂಡು ತನ್ನದೇ ಬೇರೆ ಥ್ರೆಡ್ಡಿಗೆ ದಾಟಿಸುತ್ತದೆ. ಆಟದ ಥ್ರೆಡ್ ಬೇಗ ಬಿಡುಗಡೆಯಾಗಿ ಮುಂದಿನ ಫ್ರೇಮಿಗೆ ಹೋಗುತ್ತದೆ. ಫ್ರೇಮು ಏರುವುದು ಇದರಿಂದ. ಚಿತ್ರದ ಗುಣಮಟ್ಟ ಮೊದಲಿನಂತೆಯೇ ಉಳಿಯುತ್ತದೆ.

ಡಿಎಕ್ಸ್‌ವಿಕೆ ಶುರು ಮಾಡಿದವರು ಫಿಲಿಪ್ ರೆಬೋಲೆ. ಲಿನಕ್ಸ್‌ನಲ್ಲಿ ವೈನ್ ಮೂಲಕ ವಿಂಡೋಸ್ ಆಟಗಳನ್ನು ಆಡಲೆಂದು ಮಾಡಿದ್ದು, ಮೊದಲು ಡೈರೆಕ್ಟ್‌ಎಕ್ಸ್ 11ಕ್ಕೆ ಮಾತ್ರ ಇತ್ತು. ಜೋಶುವಾ ಆಷ್ಟನ್ ಬೇರೆಯಾಗಿ ಬರೆಯುತ್ತಿದ್ದ ಡೈರೆಕ್ಟ್‌ಎಕ್ಸ್ 9ರ ಭಾಗ 2019ರ ಡಿಸೆಂಬರಿನಲ್ಲಿ 1.5ನೇ ಆವೃತ್ತಿಯೊಳಗೆ ಸೇರಿತು. ಡೈರೆಕ್ಟ್‌ಎಕ್ಸ್ 8 ಬಂದದ್ದು 2024ರ 2.4ರಲ್ಲಿ. ವಿಂಡೋಸ್‌ನಲ್ಲಿ ಬಳಸುವುದಕ್ಕೆ ಅಧಿಕೃತ ಬೆಂಬಲವಿಲ್ಲ, ಆದರೆ ಬಹಳಷ್ಟು ಹಳೆಯ ಆಟಗಳಲ್ಲಿ ನಡೆಯುತ್ತದೆ. ಕೆಟ್ಟರೆ ಸರಿಪಡಿಸಿಕೊಳ್ಳುವ ಹೊಣೆ ನಮ್ಮದೇ ಎಂದು ತಿಳಿದೇ ಕೈ ಹಾಕಬೇಕು.

ಕಾರ್ಡು ವಲ್ಕನ್‌ನ ಯಾವ ಆವೃತ್ತಿಯವರೆಗೆ ಬರುತ್ತದೆ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಡಿಎಕ್ಸ್‌ವಿಕೆ 2.0ರಿಂದ ಮುಂದಕ್ಕೆ ಕನಿಷ್ಠ ವಲ್ಕನ್ 1.3 ಬೇಕು. ಡ್ರೈವರ್ ಜೊತೆಗೇ ಸಾಮಾನ್ಯವಾಗಿ ಬರುವ ಈ ಆಜ್ಞೆಯನ್ನು ಕಮಾಂಡ್ ಪ್ರಾಂಪ್ಟಿನಲ್ಲಿ ಕೊಟ್ಟರೆ apiVersion ಎಂಬ ಸಾಲು ಕಾಣುತ್ತದೆ:

```
vulkaninfo --summary
```

ಅಲ್ಲಿ 1.3 ಇಲ್ಲದಿದ್ದರೆ ಮೊದಲು ಡ್ರೈವರ್ ಹೊಸದು ಮಾಡಿ. ಆಗಲೂ ಬರದಷ್ಟು ಹಳೆಯ ಕಾರ್ಡಾದರೆ 1.10.3ನೇ ಆವೃತ್ತಿಯನ್ನು ಹಾಕಿ ನೋಡಬಹುದು.

ಇಳಿಸಿಕೊಂಡ ಫೈಲು tar.gz ರೂಪದಲ್ಲಿರುತ್ತದೆ. ವಿಂಡೋಸ್ 10ರಲ್ಲೂ 11ರಲ್ಲೂ ಇದನ್ನು ಬಿಚ್ಚಲು tar ಆಜ್ಞೆಯೇ ಸಾಕು. ಒಳಗೆ x32, x64 ಎಂಬ ಎರಡು ಫೋಲ್ಡರ್‌ಗಳಿವೆ. ಹೆಚ್ಚಿನವರು ಎಡವುವುದು ಇಲ್ಲಿ. ವಿಂಡೋಸ್ 64 ಬಿಟ್ ಇದೆಯಲ್ಲ ಎಂದು x64ಕ್ಕೆ ಕೈ ಹಾಕುತ್ತಾರೆ. ಇಲ್ಲಿ ವಿಂಡೋಸ್ ಎಷ್ಟು ಬಿಟ್‌ನದು ಎಂಬುದು ಮುಖ್ಯವಲ್ಲ, ಆಟ ಎಷ್ಟು ಬಿಟ್‌ನದು ಎಂಬುದಷ್ಟೇ ಮುಖ್ಯ. ಆಟ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರಿನಲ್ಲಿ ಅದರ ಹೆಸರಿನ ಪಕ್ಕ 32 ಬಿಟ್ ಎಂದು ಕಾಣಿಸಿದರೆ x32 ಫೋಲ್ಡರಿನದೇ ಬೇಕು. ಜಿಟಿಎ 4 32 ಬಿಟ್ ಆಟ. ತಪ್ಪಿ x64ನದನ್ನು ಹಾಕಿದರೆ ಆಟ ತೆರೆಯುವುದೇ ಇಲ್ಲ, 0xc000007b ಎಂಬ ದೋಷ ಬರುತ್ತದೆ. ಆ ಸಂಖ್ಯೆ ಕಂಡರೆ ಬೇರೇನೂ ಹುಡುಕುವ ಮೊದಲು ಫೋಲ್ಡರ್ ಬದಲಿಸಿ ನೋಡಿ.

x32ರಲ್ಲಿ ಹಲವು ಡಿಎಲ್‌ಎಲ್ ಫೈಲುಗಳಿದ್ದರೂ ಡೈರೆಕ್ಟ್‌ಎಕ್ಸ್ 9ರ ಆಟಕ್ಕೆ ಬೇಕಾದದ್ದು d3d9.dll ಒಂದೇ. ಅದನ್ನು GTAIV.exe ಇರುವ ಫೋಲ್ಡರಿನಲ್ಲೇ ಇಟ್ಟೆವು. ಡೈರೆಕ್ಟ್‌ಎಕ್ಸ್ 11ರ ಆಟವಾಗಿದ್ದರೆ d3d11.dll ಜೊತೆಗೆ dxgi.dll ಕೂಡ ಇಡಬೇಕಾಗುತ್ತಿತ್ತು. System32ರೊಳಗೆ ಮಾತ್ರ ಯಾವತ್ತೂ ಹಾಕಬಾರದು. ಅಲ್ಲಿರುವುದು ಇಡೀ ವಿಂಡೋಸ್ ಬಳಸುವ ಫೈಲು. ಆಟದ ಫೋಲ್ಡರಿನಲ್ಲಿ ಇಟ್ಟರೆ ಆ ಒಂದು ಆಟ ಮಾತ್ರ ಅದನ್ನು ಎತ್ತಿಕೊಳ್ಳುತ್ತದೆ. ಬೇಡವೆನಿಸಿದರೆ ಫೈಲಿನ ಹೆಸರು ಬದಲಿಸಿದರೆ ಸಾಕು, ಎಲ್ಲ ಮೊದಲಿನಂತಾಗುತ್ತದೆ. ಆಟಕ್ಕೆ ಈಗಾಗಲೇ ಯಾವುದೋ ಮಾಡ್ ಹಾಕಿದ್ದು, ಅದೂ d3d9.dll ಹೆಸರಿನಲ್ಲೇ ಇದ್ದರೆ ಎರಡರಲ್ಲಿ ಒಂದೇ ಉಳಿಯುತ್ತದೆ.

ನಂತರ ಅದೇ ಫೋಲ್ಡರಿನಲ್ಲಿ ನೋಟ್‌ಪ್ಯಾಡಿನಿಂದ dxvk.conf ಎಂಬ ಫೈಲು ಮಾಡಿ ಎರಡು ಸಾಲು ಬರೆದೆವು:

```
d3d9.maxFrameRate = 60
dxvk.hud = fps,gpuload,compiler
```

ಮೊದಲ ಸಾಲು ಫ್ರೇಮಿಗೆ ಮಿತಿ ಹಾಕುತ್ತದೆ. ಎರಡನೆಯದು ಪರದೆಯ ಮೂಲೆಗಳಲ್ಲಿ ಫ್ರೇಮ್ ಸಂಖ್ಯೆ, ಕಾರ್ಡಿನ ಬಳಕೆ, ಚಿತ್ರದ ಬಣ್ಣ ಬೆಳಕು ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಂ ಆದ ಷೇಡರ್ ತಯಾರಾಗುತ್ತಿದೆಯೇ ಎಂಬುದನ್ನು ತೋರಿಸುತ್ತದೆ. ನೋಟ್‌ಪ್ಯಾಡ್ ಇದನ್ನು ಸದ್ದಿಲ್ಲದೆ dxvk.conf.txt ಎಂದು ಉಳಿಸಿಬಿಡಬಹುದು, ಆಗ ಬರೆದದ್ದೊಂದೂ ನಡೆಯುವುದಿಲ್ಲ. ಉಳಿಸುವಾಗ ಫೈಲಿನ ಬಗೆ "All files" ಎಂದಿರಲಿ.

ಡಿಎಕ್ಸ್‌ವಿಕೆ ಕೆಲಸಕ್ಕೆ ನಿಂತಿದೆಯೇ ಎಂದು ಊಹಿಸುವ ಅಗತ್ಯವಿಲ್ಲ. ಆಟ ಒಮ್ಮೆ ತೆರೆದು ಮುಚ್ಚಿದ ಮೇಲೆ ಫೋಲ್ಡರಿನಲ್ಲಿ GTAIV_d3d9.log ಎಂಬ ಫೈಲು ಹುಟ್ಟಿರುತ್ತದೆ. ಅದು ಇಲ್ಲವೆಂದರೆ ಆಟ ನಮ್ಮ ಡಿಎಲ್‌ಎಲ್ ಮುಟ್ಟಿಯೇ ಇಲ್ಲ, ತಪ್ಪು ಫೋಲ್ಡರಿನಲ್ಲಿ ಇಟ್ಟಿದ್ದೇವೆ ಎಂದರ್ಥ. ಇದ್ದರೆ ಅದನ್ನು ಓದಬೇಕು. ಡಿಎಕ್ಸ್‌ವಿಕೆ ಆವೃತ್ತಿ, ಅದು ಆರಿಸಿಕೊಂಡ ಕಾರ್ಡಿನ ಹೆಸರು, ನಮ್ಮ dxvk.conf ಸಿಕ್ಕಿತೇ ಇಲ್ಲವೇ, ಎಲ್ಲ ಅಲ್ಲಿ ಸಾಲಾಗಿ ಇರುತ್ತದೆ. ಲ್ಯಾಪ್‌ಟಾಪಿನವರು ಕಾರ್ಡಿನ ಹೆಸರನ್ನು ವಿಶೇಷವಾಗಿ ನೋಡಬೇಕು. ಎರಡು ಗ್ರಾಫಿಕ್ಸ್ ಇರುವ ಕಡೆ ಸಣ್ಣದನ್ನೇ ಹಿಡಿದುಕೊಂಡಿರುವುದೂ ಉಂಟು.

ಲಾಗ್‌ನಲ್ಲಿ ನಾವು ಬರೆಯದ ಒಂದು ಸಾಲೂ ಕಂಡಿತು: d3d9.customVendorId = 1002. ಇದನ್ನು ನೋಡಿ ನನಗೆ ಈ ಕೆಲಸ ಮಾಡಿದವರ ಮೇಲೆ ಗೌರವ ಹೆಚ್ಚಾಯಿತು. ತೊಂದರೆ ಕೊಡುವ ಆಟಗಳಿಗೆ ಬೇಕಾದ ಮದ್ದನ್ನು ಅವರು ಡಿಎಕ್ಸ್‌ವಿಕೆ ಒಳಗೇ ಬರೆದಿಟ್ಟಿದ್ದಾರೆ. ಜಿಟಿಎ 4 ಕಾರ್ಡಿನ ಮೆಮೊರಿಯನ್ನು ತಪ್ಪಾಗಿ ಎಣಿಸಿ ಸೆಟ್ಟಿಂಗ್‌ಗಳನ್ನು ಕಟ್ಟಿಹಾಕುತ್ತದೆ. ಅದಕ್ಕಾಗಿ ಡಿಎಕ್ಸ್‌ವಿಕೆ ಈ ಆಟಕ್ಕೆ ಮಾತ್ರ ಕಾರ್ಡಿನ ಗುರುತನ್ನೂ ಮೆಮೊರಿಯ ಲೆಕ್ಕವನ್ನೂ ಬೇರೆ ರೀತಿಯಲ್ಲಿ ಹೇಳುತ್ತದೆ. 1002 ಎಂಬುದು ಎಎಂಡಿಯ ಗುರುತು. ನಿಮ್ಮ ಕಾರ್ಡು ಯಾರದ್ದೇ ಆಗಿರಲಿ, ಆಟಕ್ಕೆ ಕಾಣುವುದು ಇದೇ. ಆಟವನ್ನು ಡಿಎಕ್ಸ್‌ವಿಕೆ ಗುರುತಿಸುವುದು exe ಹೆಸರಿನಿಂದ, ಹಾಗಾಗಿ GTAIV.exe ಹೆಸರು ಬದಲಿಸಿದರೆ ಈ ಮದ್ದು ಹತ್ತುವುದಿಲ್ಲ.

ಮೊದಲ ಓಟದಲ್ಲಿ ಹುಡುಗನ ಮುಖ ಸಪ್ಪಗಾಯಿತು. ಹೊಸ ಬೀದಿಗೆ ತಿರುಗಿದಾಗ, ಮೊದಲ ಬಾರಿ ಸ್ಫೋಟ ಆದಾಗ ಆಟ ಗಕ್ಕನೆ ನಿಂತು ಮುಂದೆ ಹೋಗುತ್ತಿತ್ತು. "ಇದು ಮೊದಲಿಗಿಂತ ಕೆಟ್ಟೈತಿ ಮಾಮಾ" ಎಂದ. ಪರದೆಯ ಕೆಳಗಿನ ಎಡ ಮೂಲೆ ನೋಡಲು ಹೇಳಿದೆ. ನಿಂತಾಗಲೆಲ್ಲ ಅಲ್ಲಿ ಷೇಡರ್ ತಯಾರಾಗುತ್ತಿದೆ ಎಂಬ ಸೂಚನೆ ಮಿನುಗುತ್ತಿತ್ತು. ಆಟದ ಷೇಡರ್‌ಗಳನ್ನು ಕಾರ್ಡಿಗೆ ಒಗ್ಗುವಂತೆ ಹೊಸದಾಗಿ ಕಟ್ಟಬೇಕು, ಪ್ರತಿಯೊಂದನ್ನೂ ಮೊದಲ ಬಾರಿ ಕಂಡಾಗ ಅಷ್ಟು ಹೊತ್ತು ಹಿಡಿಯುತ್ತದೆ. ಕಟ್ಟಿದ್ದನ್ನು ಡ್ರೈವರ್ ಡಿಸ್ಕಿನಲ್ಲಿ ಉಳಿಸಿಕೊಳ್ಳುತ್ತದೆ. 2.0ರ ನಂತರದ ಆವೃತ್ತಿಗಳಲ್ಲಿ, ಡ್ರೈವರಿನ ನೆರವಿದ್ದರೆ, ಈ ಕೆಲಸದ ದೊಡ್ಡ ಪಾಲು ಆಟ ಲೋಡ್ ಆಗುವಾಗಲೇ ಮುಗಿಯುತ್ತದೆ. ಊರನ್ನೊಮ್ಮೆ ಸುತ್ತಿ ಬಂದ ಮೇಲೆ ಆ ನಿಲುಗಡೆಗಳು ಮಾಯವಾದವು. ಡ್ರೈವರ್ ಹೊಸದು ಮಾಡಿದಾಗ ಮತ್ತೆ ಕೆಲವು ಹೊತ್ತು ಕಾಣುತ್ತವೆ. ಆದ್ದರಿಂದ ಮೊದಲ ಹದಿನೈದು ನಿಮಿಷ ನೋಡಿ ಡಿಎಕ್ಸ್‌ವಿಕೆ ಬೇಡವೆಂದು ತೀರ್ಮಾನಿಸಬಾರದು. ಸೂಚನೆ ಮಿನುಗದೆಯೂ ನಿಲ್ಲುತ್ತಿದ್ದರೆ ಕಾರಣ ಬೇರೆ ಇರುತ್ತದೆ.

ಅದೇ ಚೌಕ, ಅದೇ ಹಾದಿ, 1920×1080. ಈಗ ಫ್ರೇಮು 55ರಿಂದ 60ರ ನಡುವೆ ನಿಂತಿತು, ಕಾರ್ಡಿನ ಬಳಕೆ ಅರ್ಧಕ್ಕಿಂತ ಮೇಲೆ ಹೋಯಿತು. ಕಾರ್ಡು ಹೆಚ್ಚು ದುಡಿದರೆ ಹೆಚ್ಚು ಬಿಸಿಯಾಗುತ್ತದೆ. ನಮ್ಮ ಕೋಣೆಯಲ್ಲಿ ಎಸಿ ಇಲ್ಲ, ಮೇ ತಿಂಗಳಲ್ಲಿ ಫ್ಯಾನಿನ ಸದ್ದು ಹಜಾರಕ್ಕೂ ಕೇಳುತ್ತದೆ. 60ರ ಮಿತಿ ಹಾಕದೆ ಬಿಟ್ಟಾಗ ಮೆನು ಪರದೆಯಲ್ಲೇ ಫ್ರೇಮು ನೂರಾರಕ್ಕೆ ಹಾರಿ ಕಾರ್ಡು ಸುಮ್ಮನೆ ಬಿಸಿಯಾಗುತ್ತಿತ್ತು. ಮಿತಿ ಹಾಕಲು ಇದೂ ಒಂದು ಕಾರಣ.

ಹುರುಪಿನಲ್ಲಿ ಹುಡುಗ ತನ್ನ ಇನ್ನೊಂದು ಆಟಕ್ಕೂ ಹಾಕಿದ. ಅದು ಡೈರೆಕ್ಟ್‌ಎಕ್ಸ್ 11ರದು, ಕಾರ್ಡನ್ನು ಮೊದಲೇ ಪೂರ್ತಿ ಬಳಸುತ್ತಿತ್ತು. ಒಂದು ಫ್ರೇಮೂ ಏರಲಿಲ್ಲ, ತುಸು ಇಳಿದಂತೆಯೇ ಕಂಡಿತು. ತೆಗೆದು ಹಾಕಿದೆವು. ಗೆಳೆಯರ ಜೊತೆ ಆನ್‌ಲೈನ್‌ನಲ್ಲಿ ಆಡುವ ಆಟಕ್ಕೆ ಹಾಕಲು ಹೊರಟಾಗ ಮಾತ್ರ ನಾನು ಬಿಡಲಿಲ್ಲ. ಮೋಸ ಹಿಡಿಯುವ ವ್ಯವಸ್ಥೆಗಳು ಆಟದ ಫೋಲ್ಡರಿನಲ್ಲಿರುವ ಗೊತ್ತಿಲ್ಲದ ಡಿಎಲ್‌ಎಲ್ ಕಂಡರೆ ಖಾತೆಯನ್ನೇ ಮುಚ್ಚಬಹುದು.

ಜಿಟಿಎ 4 ಆಡುವವರಿಗೆ ಇನ್ನೊಂದು ಮಾತು. ಕೊನೆಯ ಮಿಷನ್ನಿನಲ್ಲಿ ನಾಯಕ ಹೆಲಿಕಾಪ್ಟರಿಗೆ ಜೋತುಬಿದ್ದು ಮೇಲೆ ಹತ್ತಬೇಕು. ಫ್ರೇಮು 30ಕ್ಕಿಂತ ಹೆಚ್ಚಿದ್ದರೆ ಎಷ್ಟು ಒತ್ತಿದರೂ ಅವನು ಹತ್ತದೆ ಬೀಳುವ ಪ್ರಸಿದ್ಧ ದೋಷ ಆಟದಲ್ಲೇ ಇದೆ. ಡಿಎಕ್ಸ್‌ವಿಕೆಯಿಂದ ಫ್ರೇಮು ಏರಿದವರಿಗೆ ಇದು ಎದುರಾಗಬಹುದು. ಆ ಮಿಷನ್ನಿಗೆ ಮೊದಲು ಆಟ ಮುಚ್ಚಿ dxvk.conf ತೆರೆದು 60 ಇದ್ದಲ್ಲಿ 30 ಬರೆಯಿರಿ. ಆ ಫೈಲನ್ನು ಓದುವುದು ಆಟ ತೆರೆಯುವಾಗ ಮಾತ್ರ, ಹಾಗಾಗಿ ನಡುವೆ ಬದಲಿಸಿದರೆ ಪರಿಣಾಮ ಆಗುವುದಿಲ್ಲ. ಮಿಷನ್ ಮುಗಿದ ಮೇಲೆ ಮತ್ತೆ 60 ಮಾಡಿಕೊಳ್ಳಿ.