ಹಳೇ ಗೆಳೆಯನ ಮೆಸೇಜು, ಗಂಡನ ಕಸಿವಿಸಿ: ನನ್ನ ಅನುಭವ

ನನ್ನ ಹಳೇ ಗೆಳೆಯನ ಮೆಸೇಜುಗಳಲ್ಲಿ ಬೈಗುಳ ಇರಲಿಲ್ಲ, ಬೆದರಿಕೆಯೂ ಇರಲಿಲ್ಲ. ಕಷ್ಟವಾಗಿದ್ದು ಅದೇ. "ಹೇಗಿದ್ದೀಯಾ?", "ಹಳೇ ಫೋಟೋ ಸಿಕ್ತು ನೋಡು", "ಕೆಲಸ ಬದಲಾಯಿಸ್ತಿದ್ದೀನಿ, ನೀನೇನು ಹೇಳ್ತೀಯ?" ಇಂಥವೇ. ನಾವು ಜಗಳ ಆಡಿ ಬೇರೆಯಾದವರಲ್ಲ, ಕೂತು ಮಾತಾಡಿಯೇ ಬಿಟ್ಟವರು. ಆಮೇಲೆ ನನ್ನ ಮದುವೆ ಆಯಿತು. ಈ ಹಳೇ ಸಂಬಂಧ ಗಂಡನಿಗೆ ಮದುವೆಗೆ ಮುಂಚೆಯೇ ಗೊತ್ತಿತ್ತು. ಆದರೂ ಅವನ ಹೆಸರು ಫೋನಿನಲ್ಲಿ ಕಂಡಾಗ ಅವರ ಮುಖ ಸಪ್ಪಗಾಗುತ್ತಿತ್ತು. ಕೇಳಿದರೆ "ಏನಿಲ್ಲ ಬಿಡು" ಅನ್ನುತ್ತಿದ್ದರು.

ನಾನು ಮೊದಲು ಮಾತಾಡಿದ್ದು ಗಂಡನ ಹತ್ತಿರ. ಹಳೇ ಗೆಳೆಯನಿಗೆ ಏನು ಹೇಳಬೇಕು ಅನ್ನೋದು ಆಮೇಲಿನ ವಿಷಯ. "ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಕೇಳಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ. ಆ ಪ್ರಶ್ನೆಗೆ "ಇದೆ" ಅನ್ನೋದು ಬಿಟ್ಟರೆ ಬೇರೆ ಉತ್ತರ ಇಲ್ಲ. ಮಾತು ಅಲ್ಲಿಗೆ ಮುಗಿಯುತ್ತೆ, ಕಸಿವಿಸಿ ಮಾತ್ರ ಒಳಗೇ ಉಳಿಯುತ್ತೆ. ಅದಕ್ಕೆ, "ಇದರಲ್ಲಿ ನಿಮಗೆ ಚುಚ್ಚೋದು ಯಾವುದು? ಒಂದೊಂದಾಗಿ ಹೇಳಿ, ನಾನು ನಡುವೆ ಬಾಯಿ ಹಾಕಲ್ಲ" ಅಂದೆ.

ಬಂದ ಉತ್ತರ ನಾನು ಅಂದುಕೊಂಡಂತೆ ಇರಲಿಲ್ಲ. ಮೆಸೇಜಿನಲ್ಲಿ ಏನಿದೆ ಅನ್ನೋದು ಅವರಿಗೆ ಅಷ್ಟು ಮುಖ್ಯ ಆಗಿರಲಿಲ್ಲ. ಅವು ಬರುತ್ತಿದ್ದ ಹೊತ್ತು ಬೇಜಾರು ಮಾಡುತ್ತಿತ್ತು, ಯಾಕಂದರೆ ಜಾಸ್ತಿ ಬರುತ್ತಿದ್ದದ್ದು ಮಲಗೋ ಹೊತ್ತಿಗೆ. ಅವನು ಇನ್ನೂ ಹಳೇ ಮುದ್ದಿನ ಹೆಸರು ಹಿಡಿದೇ ಕರೆಯುತ್ತಿದ್ದ, ಅದೂ ಚುಚ್ಚುತ್ತಿತ್ತು. ಕೊನೆಗೆ ಅವರು ಹೇಳಿದ್ದು ಹೀಗೆ: "ಇದು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿರಲ್ಲ. ನಿನಗಾದ್ರೂ ಗೊತ್ತಾ?"

ಅಸಲಿ ಪ್ರಶ್ನೆ ಇದೇ ಆಗಿತ್ತು. ಹಾಗಾಗಿ ಇನ್ನೊಬ್ಬರ ನೆಮ್ಮದಿಯನ್ನು ಬದಿಗಿಟ್ಟು ಯೋಚಿಸಿದೆ. ಈ ಮೆಸೇಜುಗಳು ನನಗೆ ಬೇಕಾ? ಬೇಡ. ಹಳೇ ದಿನಗಳ ಬಗ್ಗೆ ನನಗೆ ಕಹಿ ಇಲ್ಲ, ಆದರೆ ಅವನ ದಿನದಿನದ ಬದುಕಿನಲ್ಲಿ ಪಾಲು ಬೇಕಿಲ್ಲ. ಈ ಉತ್ತರ ನನ್ನದೇ ಆಗಿರಬೇಕಿತ್ತು. ಗಂಡನಿಗೋಸ್ಕರ ನಿಲ್ಲಿಸಿದರೆ, ಅವರು ಊರಲ್ಲಿಲ್ಲದ ದಿನ ಒಂದು ಮೆಸೇಜಿಗೆ ಉತ್ತರ ಕೊಟ್ಟರೆ ಏನಾಯ್ತು ಅನ್ನಿಸಿಬಿಡುತ್ತೆ.

ಫೋನಿನ ಪಾಸ್‌ವರ್ಡ್ ಮಾತು ಬಂದಾಗ ಕೊಡಲ್ಲ ಅಂದೆ, ಕಾರಣವನ್ನೂ ಹೇಳಿದೆ. ಮುಚ್ಚಿಡೋಕೆ ಏನೂ ಇರಲಿಲ್ಲ. ಆದರೆ ಒಂದು ಸಲ ಚಾಟ್ ನೋಡಿ ಸಮಾಧಾನ ಆದವರಿಗೆ ಎರಡು ದಿನ ಬಿಟ್ಟು ಮತ್ತೆ ನೋಡಬೇಕು ಅನ್ನಿಸುತ್ತೆ. ಆ ಸಮಾಧಾನ ಬೇಗ ಕರಗುತ್ತೆ, ಹುಡುಕೋ ಅಭ್ಯಾಸ ಮಾತ್ರ ಉಳಿದುಬಿಡುತ್ತೆ. ಬದಲಿಗೆ, "ಅವನ ಕಡೆಯಿಂದ ಏನೇ ಬಂದರೂ ಅವತ್ತೇ ನಾನಾಗಿಯೇ ಹೇಳ್ತೀನಿ, ನೀವು ಕೇಳೋ ಹಾಗೆ ಆಗಲ್ಲ" ಅಂದೆ. ಅವರು ಒಪ್ಪಿದರು. ಈ ಮಾತನ್ನು ತಪ್ಪದೇ ಉಳಿಸಿಕೊಳ್ಳಬೇಕಿತ್ತು, ಉಳಿಸಿಕೊಂಡೆ.

ಆಮೇಲೆ ಹಳೇ ಚಾಟ್ ತೆಗೆದು ಮೇಲಿಂದ ಕೆಳಗೆ ಓದಿದೆ. ಮಾತು ಶುರು ಮಾಡುತ್ತಿದ್ದವನು ಯಾವಾಗಲೂ ಅವನೇ. ನನ್ನ ಉತ್ತರ ಅಪರೂಪ, ಅದೂ ಚುಟುಕು. ಇಷ್ಟು ಕಡಿಮೆ ಮಾತಾಡಿದರೆ ತಾನಾಗಿ ನಿಲ್ಲಬೇಕು ಅಂತ ಅನ್ನಿಸುತ್ತೆ ಅಲ್ವಾ? ಆದರೆ ನಡೆಯೋದು ಉಲ್ಟಾ. ಸ್ಕಿನ್ನರ್ ಅನ್ನೋ ಮನೋವಿಜ್ಞಾನಿ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳು ಇದನ್ನೇ ತೋರಿಸಿದವು. ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತ ಮೇಲೆ ಬೇಗ ಸುಮ್ಮನಾಗುತ್ತೆ. ಯಾವಾಗಲೋ ಒಮ್ಮೆ ಸಿಗುತ್ತಿದ್ದ ಹಕ್ಕಿ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತೆ. ಹತ್ತು ಮೆಸೇಜಿಗೆ ಒಂದು ಉತ್ತರ ಸಿಕ್ಕರೆ, ಕಳಿಸಿದವನಿಗೆ ತಿಳಿಯೋದು ಹತ್ತು ಕಳಿಸಬೇಕು ಅಂತ. ಹಾಗಾಗಿ ಉತ್ತರ ಕಡಿಮೆ ಮಾಡುತ್ತಾ ಹೋಗೋದು ಸೌಮ್ಯವಾಗಿ ಕಂಡರೂ ಇಬ್ಬರನ್ನೂ ಎಳೆದಾಡಿಸುತ್ತೆ. ಒಂದೇ ಸಲ ಪೂರ್ತಿ ಹೇಳಿ, ಅಲ್ಲಿಂದ ಮುಂದೆ ಏನೂ ಹೇಳದಿರುವುದು ಅವನಿಗೂ ಒಳ್ಳೇದು.

ಆ ಒಂದು ಮೆಸೇಜು ಬರೆಯೋಕೆ ಸಮಯ ತಗೊಂಡೆ. ಕೊನೆಗೆ ಕಳಿಸಿದ್ದು ಇದು:

"ಒಂದು ವಿಷಯ ನೇರವಾಗಿ ಹೇಳ್ತಿದ್ದೀನಿ. ನಾವು ಮೆಸೇಜು, ಫೋನು ಮಾಡ್ಕೊಳ್ಳೋದು ಇನ್ನು ನನಗೆ ಬೇಡ. ಯೋಚನೆ ಮಾಡಿ ನಾನೇ ತಗೊಂಡ ತೀರ್ಮಾನ ಇದು. ಇನ್ಮೇಲೆ ನೀನು ಕಳಿಸಿದರೂ ಉತ್ತರ ಕೊಡಲ್ಲ. ನಿನಗೆ ಒಳ್ಳೇದಾಗಲಿ."

ಇದರಲ್ಲಿ ಏನಿಲ್ಲ ಅನ್ನೋದನ್ನೂ ನೋಡಿ. "ನನ್ನ ಗಂಡನಿಗೆ ಇಷ್ಟ ಆಗಲ್ಲ" ಅನ್ನೋ ಮಾತಿಲ್ಲ. ಕೈಗೆ ಸುಲಭವಾಗಿ ಸಿಗೋ ಕಾರಣ ಅದು, ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟದ್ದೂ ಅದೇ. ಅದನ್ನು ಓದಿದವನಿಗೆ ಕೇಳಿಸೋದು "ಅವಳಿಗೆ ಇಷ್ಟ ಇದೆ, ಗಂಡ ಅಡ್ಡ ಇದ್ದಾನೆ" ಅಂತ. ಮುಂದಿನ ಮೆಸೇಜು "ಅವರು ಇಲ್ಲದಾಗ ಹೇಳು" ಅಂತ ಬರುತ್ತೆ. ನಮ್ಮ ನಡುವೆ ಇಲ್ಲದ ಗುಟ್ಟೊಂದು ಹುಟ್ಟಿಕೊಳ್ಳುತ್ತೆ, ಗಂಡನೂ ಸುಮ್ನೆ ಕೆಟ್ಟವರಾಗುತ್ತಾರೆ. "ಸದ್ಯಕ್ಕೆ" ಅನ್ನೋ ಪದವನ್ನೂ ತೆಗೆದೆ, ಯಾಕಂದರೆ ಅದರರ್ಥ ಆಮೇಲೆ ಬಾ ಅಂತಲೇ. "ಸಾರಿ" ಇಲ್ಲ, "ಅರ್ಥ ಮಾಡ್ಕೊಳ್ತೀಯ ಅಲ್ವಾ?" ಇಲ್ಲ. ಪ್ರಶ್ನೆ ಕೇಳಿದರೆ ಉತ್ತರ ಬಂದೇ ಬರುತ್ತೆ. ಕಾರಣಗಳ ಪಟ್ಟಿಯೂ ಇಲ್ಲ. ಕೊಟ್ಟ ಪ್ರತಿ ಕಾರಣವೂ ವಾದಕ್ಕೆ ಜಾಗ ಮಾಡಿಕೊಡುತ್ತೆ: ರಾತ್ರಿ ಬೇಡ ಅಂದರೆ ಹಗಲು ಕಳಿಸ್ತೀನಿ ಅನ್ನುತ್ತಾನೆ, ಅಷ್ಟೇ.

ಕಳಿಸೋ ಮುಂಚೆ ಗಂಡನಿಗೆ ಓದಿ ಹೇಳಿದೆ. ಇನ್ನೂ ಖಾರವಾಗಿರಲಿ ಅಂತ ಅವರಿಗೆ ಅನ್ನಿಸಿತು. ಒಂದು ವಾಕ್ಯ ಸೇರಿಸೋಕೂ ಹೇಳಿದರು. ನಾನು ಸೇರಿಸಲಿಲ್ಲ. ಅವನನ್ನು ನೋಯಿಸೋದು ನನ್ನ ಉದ್ದೇಶ ಆಗಿರಲಿಲ್ಲ. ಮಾತು ನನ್ನದು ಅಂದಮೇಲೆ ಇನ್ನೊಬ್ಬರ ದನಿ ಅದರಲ್ಲಿ ಕೇಳಬಾರದು ಅಂದೆ. ಸ್ವಲ್ಪ ಬೇಜಾರಾದರೂ ಸುಮ್ಮನಾದರು. ಕಳಿಸಿದ್ದು ಹಗಲು ಹೊತ್ತಿನಲ್ಲಿ. ರಾತ್ರಿ ಕಳಿಸಿದರೆ ಅವನೂ ನಿದ್ದೆಗೆಟ್ಟು ಉದ್ದುದ್ದ ಬರೆಯುತ್ತಾನೆ, ನಾನೂ ನಿದ್ದೆಗೆಟ್ಟು ಓದುತ್ತೇನೆ.

ಆಮೇಲಿನ ದಿನಗಳು ಕಷ್ಟದವೇ. ಉತ್ತರ ನಿಂತ ಮೇಲೆ ಮೆಸೇಜುಗಳು ಮೊದಲು ಜಾಸ್ತಿ ಆಗೋದುಂಟು, ಕಡಿಮೆ ಆಗೋದು ಆಮೇಲೆ. ಇದು ಗೊತ್ತಿಲ್ಲದಿದ್ದರೆ ಹೇಳಿದ್ದು ಕೆಲಸ ಮಾಡಲಿಲ್ಲ ಅನ್ನಿಸಿ ಧೈರ್ಯ ಕುಗ್ಗುತ್ತೆ. ಮೊದಲು "ತಪ್ಪಾಗಿದ್ರೆ ಕ್ಷಮಿಸು" ಬಂತು. ಆಮೇಲೆ ಸಿಟ್ಟು ಬಂತು. ಮಿಸ್ಡ್ ಕಾಲ್ ಬಂದವು. ಈ ಹೊತ್ತಿನಲ್ಲಿ "ಪ್ಲೀಸ್, ಸಾಕು" ಅಂತ ಒಂದು ಸಾಲು ಕಳಿಸಿದರೂ, ಇಷ್ಟು ಕಳಿಸಿದರೆ ಉತ್ತರ ಬರುತ್ತೆ ಅಂತ ಕಲಿಸಿದ ಹಾಗೆ. ಬಂದದ್ದನ್ನೆಲ್ಲ ಗಂಡನಿಗೆ ಹೇಳಿದೆ, ಆದರೆ ಒಂದೊಂದು ಮಾತೂ ಓದಿ ಹೇಳಲಿಲ್ಲ. "ಇವತ್ತು ಎರಡು ಬಂತು, ಉತ್ತರ ಕೊಟ್ಟಿಲ್ಲ" ಇಷ್ಟೇ. ಅವನ ನೋವನ್ನು ನಮ್ಮ ಮನೆಯಲ್ಲಿ ಹರಡಿಕೊಂಡು ಕೂರೋದು ನನಗೆ ಸರಿ ಕಾಣಲಿಲ್ಲ.

ನನಗೆ ತುಂಬಾ ಕಷ್ಟ ಆಗಿದ್ದು "ಅಮ್ಮನಿಗೆ ಹುಷಾರಿಲ್ಲ" ಅನ್ನೋ ಮೆಸೇಜು. ಅವನ ತಾಯಿ ನನ್ನನ್ನು ಚೆನ್ನಾಗಿ ನೋಡಿಕೊಂಡವರು. ಉತ್ತರ ಬರೆಯದೆ, ನಮ್ಮಿಬ್ಬರಿಗೂ ಗೊತ್ತಿದ್ದ ಒಬ್ಬ ಗೆಳತಿಗೆ ಫೋನ್ ಮಾಡಿ ವಿಚಾರಿಸಿದೆ. ಹುಷಾರಿಲ್ಲದ್ದು ನಿಜವೇ, ಆದರೆ ಗಾಬರಿ ಪಡುವಂಥದ್ದೇನೂ ಇರಲಿಲ್ಲ. "ನಾನು ವಿಚಾರಿಸಿದೆ ಅಂತ ಅಮ್ಮನಿಗೆ ಹೇಳು. ಅವನ ಹತ್ತಿರ ನನ್ನ ವಿಷಯ ತರಬೇಡ, ಅವನ ವಿಷಯ ನನಗೂ ಹೇಳಬೇಡ" ಅಂತ ಅವಳಿಗೆ ಹೇಳಿದೆ. ನಡುವಿನವರಿಗೆ ಹೀಗೆ ಬಿಡಿಸಿ ಹೇಳದಿದ್ದರೆ, ಒಳ್ಳೇ ಮನಸ್ಸಿನಿಂದಲೇ ಸುದ್ದಿ ಸಾಗಿಸುತ್ತಾರೆ.

ಬ್ಲಾಕ್ ವಿಷಯ. ಮೊದಲು ಬ್ಲಾಕ್ ಮಾಡಲಿಲ್ಲ, ವಾಟ್ಸಾಪಿನಲ್ಲಿ ಅವನ ಚಾಟ್ ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿದೆ. ಆರ್ಕೈವ್ ಸೆಟ್ಟಿಂಗ್ ಆನ್ ಇದ್ದರೆ ಹೊಸ ಮೆಸೇಜು ಬಂದರೂ ಆ ಚಾಟ್ ಮೇಲೆ ಬರಲ್ಲ, ಶಬ್ದವೂ ಇರಲ್ಲ. ಮಲಗೋ ಹೊತ್ತಿನ ತೊಂದರೆ ಅಲ್ಲಿಗೇ ಮುಗಿಯಿತು. ನನ್ನ ಲಾಸ್ಟ್ ಸೀನ್, ಆನ್‌ಲೈನ್, ಫೋಟೋ, ಸ್ಟೇಟಸ್ ಅವನೊಬ್ಬನಿಗೆ ಕಾಣದಂತೆ ಪ್ರೈವೆಸಿ ಸೆಟ್ಟಿಂಗ್ ಬದಲಾಯಿಸಿದೆ. ಆನ್‌ಲೈನ್ ಇದ್ದೂ ಉತ್ತರ ಕೊಡುತ್ತಿಲ್ಲ ಅಂತ ಅವನು ಕೂತು ನೋಡೋದು ಬೇಡವಾಗಿತ್ತು. ಬೇರೆ ಆ್ಯಪ್‌ನಿಂದಲೂ ಬರೆಯೋಕೆ ಶುರು ಮಾಡಿದ ಮೇಲೆ ಎಲ್ಲ ಕಡೆ ಬ್ಲಾಕ್ ಮಾಡಿದೆ. ವಾಟ್ಸಾಪಿನಲ್ಲಿ ಬ್ಲಾಕ್ ಆದವರು ಕಳಿಸಿದ್ದು ಅವರ ಕಡೆ ಒಂದೇ ಟಿಕ್‌ನಲ್ಲಿ ನಿಲ್ಲುತ್ತೆ. ಇಬ್ಬರೂ ಇರೋ ಗ್ರೂಪಿನಲ್ಲಿ ಮಾತ್ರ ಒಬ್ಬರ ಮಾತು ಇನ್ನೊಬ್ಬರಿಗೆ ಕಾಣುತ್ತಲೇ ಇರುತ್ತೆ. ಹಾಗಾಗಿ ಒಂದು ಹಳೇ ಗ್ರೂಪ್ ಬಿಟ್ಟೆ, ಕೆಲಸಕ್ಕೆ ಬೇಕಿದ್ದದ್ದನ್ನು ಉಳಿಸಿಕೊಂಡೆ.

ಚಾಟ್ ಅಳಿಸಿಹಾಕು ಅಂತ ಗಂಡ ಹೇಳಿದರು. ಆಗ ಅಳಿಸಲಿಲ್ಲ. "ಬೇಡ" ಅಂತ ಸ್ಪಷ್ಟವಾಗಿ ಹೇಳಿದ್ದು, ಅದರ ತಾರೀಕು, ಆಮೇಲೆ ಬಂದದ್ದು ಎಲ್ಲ ಇರಬೇಕು. ಸಿಟ್ಟು ಬೆದರಿಕೆಗೆ ತಿರುಗಿದರೆ, ಮನೆ ಅಥವಾ ಆಫೀಸಿನ ಹತ್ತಿರ ಬಂದು ನಿಂತರೆ, ಹಳೇ ಫೋಟೋ ಹರಡ್ತೀನಿ ಅಂದರೆ ಇದು ಸುಮ್ಮನಿದ್ದು ಸರಿಮಾಡೋ ವಿಷಯ ಆಗಿ ಉಳಿಯಲ್ಲ. ಆಗ ಆ ಚಾಟೇ ಪೊಲೀಸರಿಗೆ ತೋರಿಸೋ ದಾಖಲೆ. ಸ್ಕ್ರೀನ್‌ಶಾಟ್‌ನಲ್ಲಿ ನಂಬರು, ತಾರೀಕು, ಸಮಯ ಮೂರೂ ಕಾಣಬೇಕು. ನನ್ನ ವಿಷಯದಲ್ಲಿ ಅಲ್ಲಿಗೆ ಹೋಗಲಿಲ್ಲ.

ಇಬ್ಬರ ನಡುವೆ ಮಗು ಇದ್ದರೆ, ಒಂದೇ ಕಡೆ ಕೆಲಸ ಮಾಡುತ್ತಿದ್ದರೆ ಪೂರ್ತಿ ಮೌನ ಆಗದ ಮಾತು. ಆಗ ವಿಷಯಕ್ಕೆ ಗೆರೆ ಹಾಕಬೇಕು. ಮಗುವಿನ ಸ್ಕೂಲಿನ ಬಗ್ಗೆ ಕೇಳಿದರೆ ಅದಕ್ಕೆ ಮಾತ್ರ ಉತ್ತರ. ಅದೇ ಮೆಸೇಜಿನಲ್ಲಿ ಹಳೇ ನೆನಪು ಬಂದಿದ್ದರೆ ಅದು ಕಣ್ಣಿಗೆ ಬೀಳಲೇ ಇಲ್ಲ ಅನ್ನೋ ಹಾಗೆ ಬಿಡೋದು.

ಮೆಸೇಜು ನಿಂತ ತಕ್ಷಣ ಗಂಡನ ಕಸಿವಿಸಿ ನಿಲ್ಲಲಿಲ್ಲ. ಯಾವಾಗಲಾದರೂ ಕೇಳುತ್ತಿದ್ದರು, ನಾನು ಇದ್ದದ್ದನ್ನು ಹೇಳುತ್ತಿದ್ದೆ. ಒಂದು ಸಲ ಕಾಲೇಜಿನ ಗೆಳೆಯರ ಜೊತೆಯೂ ಮಾತು ಕಡಿಮೆ ಮಾಡಿದರೆ ಒಳ್ಳೇದು ಅಂದರು. ಅದಕ್ಕೆ ಒಪ್ಪಲಿಲ್ಲ. "ಅವನ ವಿಷಯದಲ್ಲಿ ನೀವು ಹೇಳಿದ್ದರಲ್ಲಿ ಹುರುಳಿತ್ತು, ನನಗೂ ಅದು ಬೇಡವಾಗಿತ್ತು. ಇವರು ನನ್ನ ಸ್ನೇಹಿತರು. ಇವರಲ್ಲಿ ಯಾರದ್ದಾದರೂ ಯಾವುದಾದರೂ ನಡತೆ ಸರಿ ಕಾಣದಿದ್ದರೆ ಅದನ್ನು ಹೇಳಿ, ಕೇಳ್ತೀನಿ" ಅಂದೆ. ಕಸಿವಿಸಿಗೆ ಒಬ್ಬ ಮನುಷ್ಯ, ಒಂದು ನಡತೆ ಅಂತ ಗುರುತು ಇರುತ್ತೆ, ಅದು ಸರಿಹೋದರೆ ಕಡಿಮೆಯೂ ಆಗುತ್ತೆ. ಪಟ್ಟಿ ಬೆಳೆಯುತ್ತಾ ಹೋದರೆ ಅದು ಹಿಡಿತ. ಅವರು ಯೋಚಿಸಿ, "ಯಾರೂ ಇಲ್ಲ, ಸುಮ್ನೆ ಭಯ ಆಯ್ತು" ಅಂದರು. ಆ ಭಯದ ಬಗ್ಗೆ ಆಮೇಲೆ ತುಂಬಾ ಮಾತಾಡಿದೆವು. ಅದರಲ್ಲಿ ಅವನ ಹೆಸರು ಬರಲೇ ಇಲ್ಲ.

ಬಹಳ ತಿಂಗಳ ಮೇಲೆ ಹೊಸ ನಂಬರಿನಿಂದ ಒಂದು ಶುಭಾಶಯ ಬಂತು. ಯಾರು ಅಂತ ಬರೆಯುವ ರೀತಿಯಲ್ಲೇ ಗೊತ್ತಾಯಿತು. ಉತ್ತರ ಕೊಡದೆ ಆ ನಂಬರನ್ನೂ ಬ್ಲಾಕ್ ಮಾಡಿ, ಸಂಜೆ ಗಂಡನಿಗೆ ಹೇಳಿದೆ.